ಕಾಂಗರೂ ಆರೈಕೆಯ ಸಿಸ್ಟಮ್ಯಾಟಿಕ್ ರಿವ್ಯೂ: ಜಡಾಡ್ ಅಂಕ 3ಕ್ಕಿಂತ ಕಡಿಮೆ ಇರುವುದನ್ನೆಲ್ಲ ಬಿಡಬೇಕೇ?

ಭಾಗ್ಯ_ಎಂಎಸ್ಸಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ನರ್ಸಿಂಗ್‌ನಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಥೀಸಿಸ್‌ಗೆ ತೆಗೆದುಕೊಂಡಿರುವ ಪ್ರಶ್ನೆ ಇದು: ಹುಟ್ಟುವಾಗ 2000 ಗ್ರಾಂಗಿಂತ ಕಡಿಮೆ ತೂಕವಿದ್ದ ಶಿಶುಗಳಲ್ಲಿ, ಮಗುವನ್ನು ತಾಯಿಯ ಬರಿ ಎದೆಗೆ ಒತ್ತಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯಿಂದ ಸಾವು ಕಡಿಮೆಯಾಗುತ್ತದೆಯೇ? ಶೀರ್ಷಿಕೆ, ಸಾರಾಂಶ ನೋಡಿ ಜರಡಿ ಹಿಡಿದ ಮೇಲೆ ನನ್ನ ಹತ್ತಿರ 38 ಲೇಖನ ಉಳಿದಿವೆ.

ಗೈಡ್ ಹೇಳಿದ್ದು ಹೀಗೆ: ಟ್ರಯಲ್‌ನ ಗುಣಮಟ್ಟ ಅಳೆಯುವ ಐದು ಅಂಕದ ಜಡಾಡ್ ಪಟ್ಟಿ ಹಿಡಿದು ಪ್ರತಿಯೊಂದಕ್ಕೂ ಅಂಕ ಕೊಡಿ, 3ಕ್ಕಿಂತ ಕಡಿಮೆ ಬಂದದ್ದನ್ನು ಕೈಬಿಡಿ. ಅಂಕ ಹಾಕುತ್ತಾ ಹೋದೆ. 5ಕ್ಕೆ 4 ಒಂದಕ್ಕೂ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐದು ದೇಶಗಳ ದೊಡ್ಡ ಟ್ರಯಲ್‌ಗೂ 3, ಅರವತ್ತು ಮಕ್ಕಳ ಒಂದು ಪುಟ್ಟ ಟ್ರಯಲ್‌ಗೂ 3. ಅರ್ಧಕ್ಕಿಂತ ಹೆಚ್ಚು ಲೇಖನಗಳಿಗೆ 1 ಅಥವಾ 2. ಇದರಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಆದರೆ ಎಲ್ಲಿ ಅಂತ ಗೈಡ್ ಎದುರು ಹೇಳಲು ನನಗೆ ಬರುತ್ತಿಲ್ಲ.

ಇನ್ನೊಂದು ವಿಷಯ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಕಾಂಗರೂ ಆರೈಕೆಯ ಅಧ್ಯಯನವೂ ಈ ರಾಶಿಯಲ್ಲಿದೆ. ಅದನ್ನು ಬಿಡಲು ಮನಸ್ಸಿಲ್ಲ. ಸೇರಿಸಬಹುದೇ?

ಪ್ರಸಾದ್_ಉಡುಪಿ · ಭಾನುವಾರ ರಾತ್ರಿ 10:15

ಮೇಡಂ, ನಿಮ್ಮ ಅಂಕ ತಪ್ಪಲ್ಲ, ಪಟ್ಟಿಯೇ ಇದಕ್ಕೆ ಒಗ್ಗುವುದಿಲ್ಲ. ಜಡಾಡ್‌ನ ಐದರಲ್ಲಿ ಎರಡು ಅಂಕ ಡಬಲ್ ಬ್ಲೈಂಡಿಂಗ್‌ಗೆ. ಮಗು ಎದೆಯ ಮೇಲಿದೆಯೋ ವಾರ್ಮರ್‌ನಲ್ಲಿದೆಯೋ ಅಂತ ತಾಯಿಗೆ ಗೊತ್ತಾಗದ ಹಾಗೆ ಮಾಡಲು ಯಾರಿಂದಲೂ ಆಗದು ಮಾರಾಯ್ರೆ. ಆ ಎರಡು ಅಂಕ ತೆಗೆದುಬಿಡಿ, ಉಳಿದ ಮೂರಕ್ಕೆ ಲೆಕ್ಕ ಹಾಕಿ. ಆಮೇಲೆ ಎಲ್ಲ ಟ್ರಯಲ್‌ಗಳ ಉತ್ತರ ಕೂಡಿಸುವ ಮೆಟಾ ಅನಾಲಿಸಿಸ್‌ನಲ್ಲಿ ಆ ಅಂಕವನ್ನೇ ತೂಕವಾಗಿ ಬಳಸಿ. 3 ಬಂದ ಟ್ರಯಲ್‌ಗೆ ಹೆಚ್ಚು ತೂಕ, 1 ಬಂದದ್ದಕ್ಕೆ ಕಡಿಮೆ. ನಮ್ಮ ಫಾರ್ಮಸಿ ವಿಭಾಗದಲ್ಲಿ ಹೀಗೇ ಮಾಡಿದ್ದೇವೆ.

ಶ್ರೀಧರ_ಮೈಸೂರು · ಸೋಮವಾರ ಬೆಳಿಗ್ಗೆ 6:50

ಪ್ರಸಾದ್ ಅವರ ಮೊದಲ ಮಾತು ಸರಿ. ಆ ಪಟ್ಟಿ 1996ರಲ್ಲಿ ಬಂದದ್ದು ನೋವಿನ ಔಷಧಿಗಳ ಟ್ರಯಲ್‌ಗಳನ್ನು ಅಳೆಯಲು. ಒಂದೇ ಬಣ್ಣದ ಎರಡು ಮಾತ್ರೆ ಕೊಡಬಹುದಾದ ಕಡೆ ಅದು ನಡೆಯುತ್ತದೆ. ಎರಡನೇ ಮಾತು, ಅಂದರೆ ಅಂಕವನ್ನು ತೂಕವಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಭಾಗ್ಯ ಅವರೇ, ಜಡಾಡ್ ಏನು ಕೇಳುತ್ತದೆ ಅನ್ನುವುದಕ್ಕಿಂತ ಏನನ್ನು ಕೇಳುವುದಿಲ್ಲ ಅಂತ ನೋಡಿ. ಮುಂದಿನ ಮಗು ಯಾವ ಗುಂಪಿಗೆ ಹೋಗುತ್ತದೆ ಎಂಬುದು ಸೇರಿಸಿಕೊಳ್ಳುವವರಿಗೆ ಮೊದಲೇ ತಿಳಿದಿತ್ತೇ ಎಂಬ ಪ್ರಶ್ನೆಯೇ ಅದರಲ್ಲಿಲ್ಲ. ಕಾಂಗರೂ ಟ್ರಯಲ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ. ರಾತ್ರಿ ಎರಡು ಗಂಟೆ, 1300 ಗ್ರಾಂ ಮಗು, ಉಸಿರಾಟ ಸ್ವಲ್ಪ ಏರುಪೇರು. ಮೇಲಿರುವ ಲಕೋಟೆ ಕಾಂಗರೂ ಗುಂಪಿನದು ಅಂತ ನರ್ಸ್‌ಗೆ ಗೊತ್ತು. 'ಈ ಕೂಸು ವಾರ್ಮರ್‌ನಲ್ಲೇ ಇರಲಿ, ಪಕ್ಕದ ಗಟ್ಟಿ ಮಗುವನ್ನು ಸೇರಿಸೋಣ' ಅನ್ನಿಸುವುದು ಸಹಜ. ಕೆಟ್ಟ ಉದ್ದೇಶ ಇರಬೇಕಾಗಿಲ್ಲ, ಕರುಣೆ ಇದ್ದರೆ ಸಾಕು. ಇಂಥದ್ದು ಹತ್ತು ಸಲ ನಡೆದರೆ ಗಟ್ಟಿ ಮಕ್ಕಳು ಒಂದು ಕಡೆ ಸೇರುತ್ತಾರೆ, ಕಾಂಗರೂ ಆರೈಕೆ ಜೀವ ಉಳಿಸಿದಂತೆ ಕಾಣುತ್ತದೆ.

ಇದು ನಡೆದಿರಬಹುದು ಅಂತ ಕಂಡುಕೊಳ್ಳಲು ಲೇಖನದ ಎರಡು ಕಡೆ ನೋಡಿ. ಒಂದು ವಿಧಾನದ ಭಾಗ: ಲಕೋಟೆಗಳಿಗೆ ಕ್ರಮಸಂಖ್ಯೆ ಇತ್ತೇ, ಬೆಳಕಿಗೆ ಹಿಡಿದರೂ ಕಾಣದಷ್ಟು ದಪ್ಪವಿದ್ದವೇ, ಅಂಟಿಸಿದ್ದರೇ, ಅಥವಾ ದೂರದ ಕಂಪ್ಯೂಟರ್ ನಿರ್ಧರಿಸಿತೇ? ಇನ್ನೊಂದು ಮೊದಲ ಕೋಷ್ಟಕ: ಎರಡೂ ಗುಂಪುಗಳ ಹುಟ್ಟುತೂಕ, ಗರ್ಭದ ವಾರಗಳು, ಮಕ್ಕಳ ಸಂಖ್ಯೆ. ಒಂದರಲ್ಲಿ 41, ಇನ್ನೊಂದರಲ್ಲಿ 19 ಇದ್ದು ಅದಕ್ಕೆ ವಿವರಣೆ ಇಲ್ಲದಿದ್ದರೆ ನಾನು ಅಲ್ಲೇ ನಿಲ್ಲುತ್ತೇನೆ. 'ಕಂಪ್ಯೂಟರ್‌ನಿಂದ ಯಾದೃಚ್ಛಿಕ ಸಂಖ್ಯೆ ತೆಗೆದೆವು' ಎಂಬ ಒಂದು ಸಾಲಿಗೆ ಜಡಾಡ್ 2 ಅಂಕ ಕೊಡುತ್ತದೆ. ಆ ಸಂಖ್ಯೆಗಳ ಹಾಳೆ ವಾರ್ಡಿನ ಮೇಜಿನ ಮೇಲೆ ತೆರೆದಿದ್ದರೂ 2 ಅಂಕವೇ.

ಅಂಕ ಕೂಡಿಸುವುದರ ಬಗ್ಗೆ: 1999ರಲ್ಲಿ ಯೂನಿ ಮತ್ತು ಸಂಗಡಿಗರು ಹೆಪಾರಿನ್ ಕುರಿತ 17 ಟ್ರಯಲ್‌ಗಳನ್ನು 25 ಬೇರೆ ಬೇರೆ ಅಂಕಪಟ್ಟಿಗಳಿಂದ ಅಳೆದರು. ಯಾವ ಪಟ್ಟಿ ಹಿಡಿದಿರಿ ಎಂಬುದರ ಮೇಲೆ 'ಉತ್ತಮ ಗುಣಮಟ್ಟ'ದ ಟ್ರಯಲ್‌ಗಳ ಉತ್ತರವೇ ಬದಲಾಯಿತು. ವೈದ್ಯಕೀಯ ರಿವ್ಯೂಗಳನ್ನು ಮಾಡುವ ಕೊಕ್ರೇನ್ ಸಂಸ್ಥೆಯವರು ಒಟ್ಟು ಅಂಕ ಬೇಡ ಅನ್ನುವುದು ಇದಕ್ಕೇ. ನಿಮ್ಮ ಗೈಡ್‌ಗೆ ಈ ಲೇಖನ ತೋರಿಸಿ, ವಾದ ಮಾಡುವ ಅಗತ್ಯ ಬೀಳಲಿಕ್ಕಿಲ್ಲ.

ಪ್ರಸಾದ್_ಉಡುಪಿ · ಸೋಮವಾರ ಬೆಳಿಗ್ಗೆ 8:05

ಸರ್, ಹಾಗಾದರೆ ಉತ್ತರ ಒಂದು ಕಡೆ ವಾಲಿರುವ ಅಪಾಯ ಎಷ್ಟು ಅಂತ ಅಳೆಯುವ ಕೊಕ್ರೇನ್‌ನ ರಾಬ್-2 ಬಳಸಬೇಕು ಅಂತಾಯಿತು. ಅದರಲ್ಲೂ ಬ್ಲೈಂಡಿಂಗ್ ಕೇಳುತ್ತಾರಲ್ಲ? ಎಲ್ಲ ಕಾಂಗರೂ ಟ್ರಯಲ್‌ಗಳಿಗೂ 'ಹೆಚ್ಚು ಅಪಾಯ' ಅಂತ ಬೀಳುತ್ತದೆ. ಆಗ 38ರಲ್ಲಿ ಒಂದೂ ಉಳಿಯುವುದಿಲ್ಲ.

ಶ್ರೀಧರ_ಮೈಸೂರು · ಸೋಮವಾರ ಮಧ್ಯಾಹ್ನ 1:30

ಇಲ್ಲ. ರಾಬ್-2ರಲ್ಲಿ ಇಡೀ ಟ್ರಯಲ್‌ಗೆ ಒಂದೇ ತೀರ್ಪು ಕೊಡುವುದಿಲ್ಲ, ಒಂದೊಂದು ಫಲಿತಾಂಶಕ್ಕೂ ಬೇರೆ ಬೇರೆ ತೀರ್ಪು. ಅದೇ ಟ್ರಯಲ್, ಸಾವಿನ ಲೆಕ್ಕಕ್ಕೆ ನಂಬಲರ್ಹ, ಸೋಂಕಿನ ಲೆಕ್ಕಕ್ಕೆ ಅನುಮಾನಾಸ್ಪದ ಆಗಬಹುದು.

ಮಗು ತೀರಿಕೊಂಡಿತೋ ಇಲ್ಲವೋ ಎಂಬುದು ನೋಡುವವರ ಮನಸ್ಸಿನ ಮೇಲೆ ನಿಂತಿಲ್ಲ. ಸೆಪ್ಸಿಸ್ ಹಾಗಲ್ಲ. ತಾಯಿಯ ಎದೆಯ ಮೇಲೆ ನೆಮ್ಮದಿಯಾಗಿ ಮಲಗಿರುವ ಮಗುವನ್ನು ನೋಡಿ ಡಾಕ್ಟರ್ ರಕ್ತ ಪರೀಕ್ಷೆಗೆ ಕಳಿಸದೇ ಇರಬಹುದು, ವಾರ್ಮರ್‌ನಲ್ಲಿರುವ ಅಂಥದೇ ಮಗುವಿಗೆ ಕಳಿಸಬಹುದು. ಬರೀ ಲಕ್ಷಣ ನೋಡಿ 'ಸೋಂಕು ಶಂಕೆ' ಎಂದು ಎಣಿಸಿದ ಟ್ರಯಲ್‌ಗೂ ಕಲ್ಚರ್‌ನಲ್ಲಿ ಖಚಿತವಾದದ್ದನ್ನು ಮಾತ್ರ ಎಣಿಸಿದ ಟ್ರಯಲ್‌ಗೂ ಬಹಳ ಅಂತರವಿದೆ.

ಆಸ್ಪತ್ರೆಯಲ್ಲಿದ್ದ ದಿನಗಳ ಲೆಕ್ಕ ಇನ್ನೂ ಕಷ್ಟ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಎಡ್ಗರ್ ರೇ ಇದನ್ನು ಶುರು ಮಾಡಿದಾಗಲೇ ಬೇಗ ಮನೆಗೆ ಕಳಿಸುವುದು ಆರೈಕೆಯ ಒಂದು ಅಂಗವಾಗಿತ್ತು. ಇನ್‌ಕ್ಯುಬೇಟರ್ ಸಾಲದೆ ಮಕ್ಕಳನ್ನು ಒತ್ತೊತ್ತಾಗಿ ಮಲಗಿಸುತ್ತಿದ್ದ ಆಸ್ಪತ್ರೆ ಅದು. ಹಾಗಿರುವಾಗ ಆ ಮಾದರಿ ಅನುಸರಿಸಿದ ಟ್ರಯಲ್‌ನಲ್ಲಿ 'ಕಾಂಗರೂ ಮಕ್ಕಳು ಬೇಗ ಮನೆಗೆ ಹೋದರು' ಎಂಬುದನ್ನು ಫಲಿತಾಂಶ ಅಂತ ಬರೆದರೆ, ನಾವೇ ಕೊಟ್ಟದ್ದನ್ನು ನಾವೇ ಎಣಿಸಿದಂತೆ.

ಇನ್ನು, 'ಹೆಚ್ಚು ಅಪಾಯ' ಅಂತ ಬಂದ ಟ್ರಯಲ್ ಅನ್ನು ಹೊರಗೆ ಹಾಕಬೇಡಿ. ಒಳಗೇ ಇಟ್ಟು ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಮಾಡಿ, ಎರಡನ್ನೂ ತೋರಿಸಿ.

ಕಾವ್ಯ_ತುಮಕೂರು · ಸೋಮವಾರ ಸಂಜೆ 4:10

ನಮಸ್ತೆ ಭಾಗ್ಯ ಅವರೇ. ಕಾಂಗರೂ ಆರೈಕೆ ಬಗ್ಗೆ ರಿವ್ಯೂ ಬೇಕು ಅಂತ ನೋಡಿ ಬರೆಯುತ್ತಿದ್ದೇನೆ. ನನ್ನ ಮಗಳು ಎಂಟನೇ ತಿಂಗಳಿಗೇ ಹುಟ್ಟಿದಳು, 1650 ಗ್ರಾಂ. ಹನ್ನೊಂದು ದಿನ ಆಸ್ಪತ್ರೆಯಲ್ಲಿ, ಆಮೇಲೆ ಅಮ್ಮನ ಮನೆಯಲ್ಲಿ ಬಾಣಂತನದಲ್ಲೂ ಎದೆಗೆ ಕಟ್ಟಿಕೊಂಡೇ ಇದ್ದೆ. ಮೊದಲ ದಿನ ಅವಳ ಕಾಲು ತಣ್ಣಗಿತ್ತು, ಎದೆಗೆ ಹಾಕಿಕೊಂಡು ಒಂದು ಗಂಟೆಯೊಳಗೆ ಬೆಚ್ಚಗಾಯಿತು. ರಾತ್ರಿ ನನಗೆ ಆಗದಿದ್ದಾಗ ನಮ್ಮ ಮನೆಯವರು ಶರ್ಟ್ ಬಿಚ್ಚಿ ಹಾಕಿಕೊಳ್ಳುತ್ತಿದ್ದರು. ಅತ್ತೆಗೆ ಮೊದಮೊದಲು ಸರಿ ಕಾಣಲಿಲ್ಲ, ಆಮೇಲೆ ಅವರೇ ಒಂದು ಮಧ್ಯಾಹ್ನ ಕೂತರು. ಈಗ ಮಗಳಿಗೆ ಎರಡು ವರ್ಷ. ನನ್ನ ಕಡೆಯಿಂದ 5ಕ್ಕೆ 5.

ಭಾಗ್ಯ_ಎಂಎಸ್ಸಿ · ಸೋಮವಾರ ಸಂಜೆ 6:20

ಕಾವ್ಯ ಅಕ್ಕ, ಓದಿ ತುಂಬಾ ಖುಷಿಯಾಯಿತು. ನಾನು ಕೇಳಿದ್ದು ಬೇರೆ ಬೇರೆ ಆಸ್ಪತ್ರೆಗಳಲ್ಲಿ ನಡೆದ ಸಂಶೋಧನೆಗಳನ್ನು ಒಟ್ಟುಗೂಡಿಸುವ ಕೆಲಸದ ಬಗ್ಗೆ. ಆದರೂ ನಿಮ್ಮನ್ನು ಒಂದು ಕೇಳಲೇ? ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಅಂತ ಯಾರು ಬರೆದುಕೊಳ್ಳುತ್ತಿದ್ದರು?

ಕಾವ್ಯ_ತುಮಕೂರು · ಸೋಮವಾರ ರಾತ್ರಿ 8:45

ಓ, ಹಾಗಾ. ಪಾಳಿ ಮುಗಿಯುವಾಗ ಸಿಸ್ಟರ್ ಬಂದು 'ಎಷ್ಟೊತ್ತು ಹಾಕ್ಕೊಂಡಿದ್ರಿ' ಅಂತ ಕೇಳಿ ಹಾಳೆಯಲ್ಲಿ ಬರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಕೆಲವು ದಿನ ಐದು ಗಂಟೆ ಆಗಿದ್ದರೂ ಎಂಟು ಅಂದಿದ್ದೇನೆ. ಕಡಿಮೆ ಅಂದರೆ ಬೈಯುತ್ತಾರೇನೋ, ಡಿಸ್ಚಾರ್ಜ್ ತಡ ಮಾಡುತ್ತಾರೇನೋ ಅಂತ ಭಯ ಇತ್ತು.

ಪ್ರಸಾದ್_ಉಡುಪಿ · ಸೋಮವಾರ ರಾತ್ರಿ 9:30

ಗಂಟೆಯ ವಿಷಯ ಬಂದದ್ದು ಒಳ್ಳೆಯದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸಿನಲ್ಲಿ ದಿನಕ್ಕೆ 8ರಿಂದ 24 ಗಂಟೆ ಅಂತಿದೆ. ಹಾಗಾಗಿ ಇನ್‌ಕ್ಲೂಷನ್ ಕ್ರೈಟೀರಿಯಾದಲ್ಲಿ '8 ಗಂಟೆ ನಿಜಕ್ಕೂ ಮುಟ್ಟಿದ ಮಕ್ಕಳು ಮಾತ್ರ' ಅಂತ ಹಾಕಿ. ಎರಡು ಗಂಟೆ ಮಾಡಿದವರನ್ನೂ ಕಾಂಗರೂ ಗುಂಪಿನಲ್ಲಿ ಎಣಿಸಿದರೆ ಪರಿಣಾಮ ತೆಳುವಾಗುತ್ತದೆ.

ಸಿಸ್ಟರ್_ಶಾಂತವ್ವ · ಸೋಮವಾರ ರಾತ್ರಿ 11:55

ನಾ ಕೊಪ್ಪಳದ ಕಡೆಯಾಕಿ, ಹದಿನಾಲ್ಕು ವರ್ಷ ಆತು ಹಸುಗೂಸುಗೋಳ ಎಸ್‌ಎನ್‌ಸಿಯು ವಾರ್ಡ್‌ನ್ಯಾಗ ಡ್ಯೂಟಿ ಮಾಡ್ಲಿಕ್ಕತ್ತು. ಪ್ರಸಾದ್ ಸರ್, ಹಂಗ ಮಾಡಬ್ಯಾಡ್ರಿ. ಯಾವ ಕೂಸಿಗೆ ಗಂಟೆ ಕಡಿಮೆ ಆಗತೈತಿ ಅಂತ ವಾರ್ಡ್‌ನ್ಯಾಗ ನಿಂತು ನೋಡ್ರಿ. ಉಸಿರು ನಿಂತು ನಿಂತು ಬರೋ ಕೂಸನ್ನ ನಾವs ತಾಯಿ ಕಡೆಯಿಂದ ಇಸ್ಕೊಂಡು ವಾರ್ಮರ್ ಮ್ಯಾಲೆ ಹಾಕ್ತೀವಿ. ಫೋಟೋಥೆರಪಿ ಇದ್ರ ಗಂಟೆ ಕಡಿಮೆ. ತಾಯಿಗೆ ಬಿಪಿ ಏರಿ ಐಸಿಯುದಾಗ ಇದ್ರ ಗಂಟೆ ಸೊನ್ನೆ. ಅಂದ್ರ ಗಂಟೆ ಕಡಿಮೆ ಆಗಿದ್ದಕ್ಕ ಕೂಸು ಸುಸ್ತಾಗಿದ್ದಲ್ಲ, ಕೂಸು ಸುಸ್ತಾಗಿದ್ದಕ್ಕ ಗಂಟೆ ಕಡಿಮೆ. ನೀವು ಆ ಕೂಸುಗೋಳನ್ನ ತಗದು ಲೆಕ್ಕ ಮಾಡಿದ್ರ ಉಳಿಯೋವು ಗಟ್ಟಿ ಕೂಸುಗೋಳಷ್ಟ. ಮತ್ತ ಅವು ಬದುಕ್ತಾವಲ್ರೀ.

ಕಾವ್ಯ ಹೇಳಿದ್ದೂ ಖರೆ. ನಾವು ಪಾಳಿ ಬದಲಾಗೋವಾಗ ಕೇಳಿ ಬರೀತೀವಿ. ಒಬ್ಬಾಕಿ ಸಿಸ್ಟರ್‌ಗೆ ಹದಿನೈದು ಕೂಸು ಇದ್ರ ಗಡಿಯಾರ ಹಿಡಕೊಂಡು ನಿಲ್ಲಲಿಕ್ಕೆ ಆಗೂದಿಲ್ಲ.

ಶ್ರೀಧರ_ಮೈಸೂರು · ಮಂಗಳವಾರ ಬೆಳಿಗ್ಗೆ 6:30

ಶಾಂತವ್ವ ಸಿಸ್ಟರ್, ನನ್ನ ತರಗತಿಯಲ್ಲಿ ಅರ್ಧ ಗಂಟೆ ತೆಗೆದುಕೊಂಡು ಹೇಳುವುದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿದಿರಿ. ಇದೇ ಕಾರಣಕ್ಕೆ ಟ್ರಯಲ್‌ನಲ್ಲಿ ಯಾವ ಗುಂಪಿಗೆ ಬಿತ್ತೋ ಆ ಗುಂಪಿನಲ್ಲೇ ಎಣಿಸಬೇಕು, ಗಂಟೆ ಎಷ್ಟಾದರೂ ಆಗಿರಲಿ.

ಟ್ರಯಲ್ ಅಲ್ಲದ ಅಧ್ಯಯನಗಳಿಗೆ ಈ ಮಾತು ಇನ್ನೂ ಗಟ್ಟಿಯಾಗಿ ತಗಲುತ್ತದೆ. 'ಕಾಂಗರೂ ಸಿಕ್ಕ ಮಕ್ಕಳು' ಮತ್ತು 'ಸಿಗದ ಮಕ್ಕಳು' ಅಂತ ಹಳೆಯ ಕಡತ ತೆರೆದು ಹೋಲಿಸಿದ ಲೇಖನಗಳು ನಿಮ್ಮ 38ರಲ್ಲಿ ಇದ್ದೇ ಇರುತ್ತವೆ. ಎರಡನೇ ದಿನ ತೀರಿಕೊಂಡ ಮಗುವಿಗೆ ಐದನೇ ದಿನದ ಕಾಂಗರೂ ಆರೈಕೆ ಸಿಗುವ ಮಾತೇ ಇಲ್ಲ, ಅದು ತಾನಾಗಿಯೇ 'ಸಿಗದ' ಗುಂಪಿಗೆ ಹೋಗುತ್ತದೆ. ಆ ಆರೈಕೆ ಪಡೆಯಲು ಮಗು ಮೊದಲು ಐದು ದಿನ ಬದುಕಿರಬೇಕು. ಇಂಥ ಲೇಖನಕ್ಕೆ ನ್ಯೂಕ್ಯಾಸಲ್-ಒಟ್ಟಾವ ಪಟ್ಟಿಯಲ್ಲಿ 9ಕ್ಕೆ 8 ನಕ್ಷತ್ರ ಬಂದದ್ದನ್ನು ನೋಡಿದ್ದೇನೆ. ಆ ಎಂಟು ನಕ್ಷತ್ರದಿಂದ ಈ ದೋಷ ಮುಚ್ಚಿಹೋಗುವುದಿಲ್ಲ. ಟ್ರಯಲ್ ಅಲ್ಲದ ಅಧ್ಯಯನಗಳನ್ನು ಅಳೆಯುವ ರಾಬಿನ್ಸ್-ಐ ಹಿಡಿದರೆ, ಮಗುವನ್ನು ಎಣಿಸಲು ಶುರು ಮಾಡಿದ ಹೊತ್ತೂ ಆರೈಕೆ ಶುರುವಾದ ಹೊತ್ತೂ ಒಂದೇ ಆಗಿತ್ತೇ ಅಂತ ಅದು ನೇರವಾಗಿ ಕೇಳುತ್ತದೆ. ನಿಮ್ಮ ಪ್ರಶ್ನೆ ಸಾವಿನದು, ಸಾಕಷ್ಟು ಟ್ರಯಲ್‌ಗಳೂ ಇವೆ. ಆದ್ದರಿಂದ ನಾನಾದರೆ ಟ್ರಯಲ್‌ಗಳಿಗಷ್ಟೇ ನಿಲ್ಲಿಸುತ್ತೇನೆ.

ಟ್ರಯಲ್‌ಗಳಲ್ಲೂ ಒಂದನ್ನು ನೋಡಿಕೊಳ್ಳಿ: ಮಗುವನ್ನು ಸೇರಿಸಿಕೊಂಡದ್ದು ಯಾವ ದಿನ? ಹಳೆಯ ಬಹುತೇಕ ಟ್ರಯಲ್‌ಗಳು ಮಗು ಸ್ಥಿರವಾದ ಮೇಲೆ ಸೇರಿಸಿಕೊಂಡವು. ಕಡಿಮೆ ತೂಕದ ಮಕ್ಕಳ ಸಾವು ಹೆಚ್ಚಾಗಿ ಆಗುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ. ಹತ್ತನೇ ದಿನ ಸೇರಿಸಿಕೊಂಡ ಟ್ರಯಲ್‌ನಲ್ಲಿ ಆ ಸಾವುಗಳು ಕಾಣುವುದೇ ಇಲ್ಲ. 2010ರ ರಿವ್ಯೂನಲ್ಲಿ ಜಾಯ್ ಲಾನ್ ಮತ್ತವರ ತಂಡ 'ಮೊದಲ ವಾರದಲ್ಲೇ ಶುರುವಾಗಿರಬೇಕು' ಎಂಬ ಗೆರೆ ಎಳೆದದ್ದು ಇದಕ್ಕೆ. ಕೊನೆಗೆ ಅವರ ಸಾವಿನ ಲೆಕ್ಕಕ್ಕೆ ಉಳಿದದ್ದು ಮೂರೇ ಟ್ರಯಲ್: ಬೊಗೊಟಾ, ಅಡಿಸ್ ಅಬಾಬಾ, ಮುಂಬಯಿಯ ಕೆಇಎಂ. ಆ ಮೂರರಲ್ಲಿ ಸಾವಿನ ಅಪಾಯ ಅರ್ಧದಷ್ಟಕ್ಕೆ ಇಳಿದಿತ್ತು, 0.49.

ಭಾಗ್ಯ_ಎಂಎಸ್ಸಿ · ಮಂಗಳವಾರ ಮಧ್ಯಾಹ್ನ 2:00

ಸರ್, ಆ ಲೇಖನದಲ್ಲಿ ಬಾಂಗ್ಲಾದೇಶದ ಟ್ರಯಲ್ ಬಿಟ್ಟಿದ್ದಾರೆ. ನನ್ನ ರಾಶಿಯಲ್ಲಿ ಅದು ಇದೆ. ಮನೆಯಲ್ಲೇ ಮಾಡಿದ್ದು, ಊರುಗಳನ್ನೇ ಗುಂಪಾಗಿ ವಿಂಗಡಿಸಿದ ದೊಡ್ಡ ಟ್ರಯಲ್. ಒಟ್ಟಾರೆ ಶಿಶುಮರಣದಲ್ಲಿ ವ್ಯತ್ಯಾಸ ಬಂದಿಲ್ಲ. ವ್ಯತ್ಯಾಸ ಬರಲಿಲ್ಲ ಅಂತ ಬಿಟ್ಟರೇ ಎಂಬ ಸಂಶಯ ಬಂತು.

ಶ್ರೀಧರ_ಮೈಸೂರು · ಮಂಗಳವಾರ ರಾತ್ರಿ 9:10

ಸಂಶಯ ಪಡಬೇಕಾದದ್ದೇ. ಉತ್ತರ ಇಷ್ಟವಾಗಲಿಲ್ಲ ಅಂತ ಟ್ರಯಲ್ ಬಿಡುವುದು ರಿವ್ಯೂಗಳಲ್ಲಿ ನಡೆಯುವ ಅತಿ ಕೆಟ್ಟ ಕೆಲಸ. ಹಾಗಾಗಿ ಇದನ್ನು ಪೂರ್ತಿ ಬಿಡಿಸಿ ನೋಡೋಣ.

2008ರಲ್ಲಿ ಪ್ರಕಟವಾದ ಸ್ಲೋನ್ ತಂಡದ ಟ್ರಯಲ್ ಅದು. ಹಳ್ಳಿಯ ಎಲ್ಲ ತಾಯಂದಿರಿಗೂ ಹೇಳಿಕೊಟ್ಟರು, ಮಗುವಿನ ತೂಕ ಎಷ್ಟೇ ಇರಲಿ. ನಿಮ್ಮ ಪ್ರಶ್ನೆ 2000 ಗ್ರಾಂಗಿಂತ ಕೆಳಗಿನವರದು, ಆದ್ದರಿಂದ ಆ ಮಕ್ಕಳನ್ನು ಮಾತ್ರ ಬೇರ್ಪಡಿಸಬೇಕು. ಬೇರ್ಪಡಿಸಲು ಹುಟ್ಟುತೂಕ ಬೇಕು. ಹೆರಿಗೆ ಮನೆಯಲ್ಲಿ, ತೂಕ ಹಾಕುವವರು ಬಂದದ್ದು ಆಮೇಲೆ. ಒಟ್ಟು ಮಕ್ಕಳಲ್ಲಿ ಶೇ. 40ರಷ್ಟರ ತೂಕವೇ ದಾಖಲಾಗಿಲ್ಲ. ತೀರಿಕೊಂಡ ಮಕ್ಕಳಲ್ಲಿ ನೋಡಿದರೆ ಶೇ. 65ರಷ್ಟರದು ಇಲ್ಲ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತೂಕ ಸಿಗದೇ ಹೋದದ್ದು ಅಲ್ಲೊಂದು ಇಲ್ಲೊಂದು ಎಂಬಂತಲ್ಲ, ಸಾವಿಗೂ ಅದಕ್ಕೂ ನೇರ ನಂಟಿದೆ. ಬೇಗ ತೀರಿಕೊಂಡ ಮಗು ತಕ್ಕಡಿ ಬರುವ ಮೊದಲೇ ಹೋಗಿಬಿಟ್ಟಿತು. ನೂರು ಸಾವುಗಳಲ್ಲಿ 65 ಯಾವ ತೂಕದ ಮಕ್ಕಳದು ಅಂತ ಗೊತ್ತಿಲ್ಲ, ಉಳಿದ 35ರೊಳಗೆ ಮಾತ್ರ ನೀವು 2000 ಗ್ರಾಂ ಗೆರೆ ಎಳೆಯಬಲ್ಲಿರಿ. ಆ ಲೆಕ್ಕದಲ್ಲಿ ಕಾಂಗರೂ ಆರೈಕೆಗೆ ಒಳ್ಳೆಯ ಉತ್ತರ ಬಂದರೂ ಕೆಟ್ಟ ಉತ್ತರ ಬಂದರೂ ನಾನು ನಂಬಲಾರೆ. ಜಡಾಡ್‌ನಲ್ಲಿ ಇದಕ್ಕೆ ಸ್ಥಾನವೇ ಇಲ್ಲ. ಎಷ್ಟು ಜನ ಬಿಟ್ಟುಹೋದರು ಅಂತ ಬರೆದಿದ್ದರೆ ಸಾಕು, ಅದು ಒಂದು ಅಂಕ ಕೊಟ್ಟುಬಿಡುತ್ತದೆ.

ಎರಡನೆಯದು ಗಂಟೆಗಳು. ಮೊದಲೆರಡು ದಿನ ದಿನಕ್ಕೆ 7 ಗಂಟೆಗಿಂತ ಹೆಚ್ಚು ಹಾಕಿಕೊಂಡವರು ಶೇ. 24ರಷ್ಟು ಮಾತ್ರ. ಇದು ಟ್ರಯಲ್‌ನ ದೋಷ ಅಲ್ಲ, ಹಳ್ಳಿಯಲ್ಲಿ ಹೇಳಿಕೊಟ್ಟಾಗ ಆಗುವ ನಿಜಸ್ಥಿತಿ. ಅದಕ್ಕಾಗಿ ಅಂಕ ಕಳೆಯಬೇಡಿ, ಪ್ರತ್ಯೇಕ ಅಂಕಣದಲ್ಲಿ ಬರೆಯಿರಿ.

ನನ್ನ ಸಲಹೆ: ಟ್ರಯಲ್ ಅನ್ನು ರಿವ್ಯೂ ಒಳಗೆ ಇಡಿ. 2000 ಗ್ರಾಂ ಕೆಳಗಿನವರ ಸಾವಿನ ಫಲಿತಾಂಶಕ್ಕೆ 'ಮಾಹಿತಿ ಕಳೆದುಹೋದದ್ದರಿಂದ ಹೆಚ್ಚು ಅಪಾಯ' ಅಂತ ಬರೆಯಿರಿ. ಮುಖ್ಯ ಲೆಕ್ಕದಿಂದ ಹೊರಗಿಟ್ಟು, ಸೇರಿಸಿದರೆ ಏನಾಗುತ್ತದೆ ಅಂತ ಪಕ್ಕದಲ್ಲೇ ತೋರಿಸಿ. ಓದುವವರು ತಾವೇ ನೋಡಲಿ.

ವಿನುತಾ_ಲೀಡ್ಸ್ · ಮಂಗಳವಾರ ರಾತ್ರಿ 11:30

ನಾನು ಇಲ್ಲಿ ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಹುಡುಕಾಟದ ಬಗ್ಗೆ ಮಾತ್ರ ಹೇಳುತ್ತೇನೆ. 38 ಸ್ವಲ್ಪ ಕಡಿಮೆ ಅನ್ನಿಸಿತು. 2016ರಲ್ಲಿ ಬೌಂಡಿ ತಂಡ ಟ್ರಯಲ್ ಮತ್ತು ಇತರ ಅಧ್ಯಯನ ಎಲ್ಲ ಸೇರಿ 124 ತೆಗೆದುಕೊಂಡಿತ್ತು. ನೀವು ಬರೀ ವಿಷಯಶೀರ್ಷಿಕೆಯಿಂದ ಹುಡುಕಿದ್ದೀರಾ? ಹಳೆಯ ಲೇಖನಗಳಿಗೆ ಆ ಹಣೆಪಟ್ಟಿ ಇರುವುದಿಲ್ಲ. ಪಬ್‌ಮೆಡ್‌ನಲ್ಲಿ ಹೀಗೆ ಹಾಕಿ ನೋಡಿ:

```
("Kangaroo-Mother Care Method"[Mesh] OR kangaroo[tiab]
 OR "skin-to-skin"[tiab])
AND ("Infant, Low Birth Weight"[Mesh] OR preterm*[tiab]
 OR premature*[tiab] OR "low birth weight"[tiab]
 OR "low birthweight"[tiab])
```

ಕೊನೆಯ ಎರಡು ಸಾಲಿನಲ್ಲಿ ಒಂದೇ ಪದ ಎರಡು ಥರ ಇದೆ, ಅದನ್ನು ಬಿಡಬೇಡಿ. ಭಾರತದ ಮತ್ತು ಬ್ರಿಟನ್ನಿನ ಎಷ್ಟೋ ಲೇಖನಗಳಲ್ಲಿ ಅದನ್ನು ಕೂಡಿಸಿ ಬರೆದಿರುತ್ತಾರೆ. ಭಾಷೆ ಇಂಗ್ಲಿಷ್ ಮಾತ್ರ ಅಂತ ಮಿತಿ ಹಾಕಬೇಡಿ. ಈ ಪದ್ಧತಿ ಹುಟ್ಟಿದ್ದೇ ಸ್ಪ್ಯಾನಿಷ್ ಮಾತಾಡುವ ಊರಲ್ಲಿ, ಬ್ರೆಜಿಲ್‌ನಲ್ಲಿ ಪೋರ್ಚುಗೀಸ್‌ನಲ್ಲೂ ಬಹಳ ಕೆಲಸ ಆಗಿದೆ. ಲಿಲಾಕ್ಸ್ ಎಂಬ ಲ್ಯಾಟಿನ್ ಅಮೆರಿಕದ ದತ್ತಕೋಶದಲ್ಲಿ `madre canguro` ಮತ್ತು `canguru` ಹಾಕಿ.

ಇನ್ನೊಂದು ಎಡವಟ್ಟು: ಬೊಗೊಟಾದ ಶಾರ್ಪಾಕ್ ಟ್ರಯಲ್ 1997ರಲ್ಲಿ ಒಮ್ಮೆ, 2001ರಲ್ಲಿ ಒಂದು ವರ್ಷದ ಫಲಿತಾಂಶದೊಂದಿಗೆ ಮತ್ತೊಮ್ಮೆ, ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳು ದೊಡ್ಡವರಾದ ಮೇಲೆ ಇನ್ನೊಮ್ಮೆ ಪ್ರಕಟವಾಗಿದೆ. ಲೇಖನ ಮೂರು, ಮಕ್ಕಳು ಅವರೇ. ಮೂರನ್ನೂ ಒಂದೇ ಅಧ್ಯಯನ ಅಂತ ಕಟ್ಟಿಡಿ, ಇಲ್ಲದಿದ್ದರೆ ಒಂದೇ ಸಾವನ್ನು ಎರಡು ಸಲ ಎಣಿಸುತ್ತೀರಿ.

ಭಾಗ್ಯ_ಎಂಎಸ್ಸಿ · ಬುಧವಾರ ಬೆಳಿಗ್ಗೆ 7:15

ಅಯ್ಯೋ, ನಾನು 1997 ಮತ್ತು 2001 ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿದ್ದೆ! ಧನ್ಯವಾದ ವಿನುತಾ ಅಕ್ಕ. ಹುಡುಕಾಟವನ್ನು ಮತ್ತೆ ಮಾಡುತ್ತೇನೆ.

ಕೊಪ್ಪಳದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಶ್ರೀಧರ_ಮೈಸೂರು · ಬುಧವಾರ ಬೆಳಿಗ್ಗೆ 8:00

ಕ್ಷಮಿಸಿ, ಮರೆತಿದ್ದೆ. ಆ ಕೆಲಸ ಇಥಿಯೋಪಿಯಾ ಮತ್ತು ಭಾರತದ ಕೆಲವು ಜಿಲ್ಲೆಗಳಲ್ಲಿ ಒಟ್ಟಿಗೆ ನಡೆದದ್ದು. ಅದರ ಪ್ರಶ್ನೆ ಬೇರೆ: ಜಿಲ್ಲೆಯ 2000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಎಷ್ಟು ಜನರಿಗೆ ಕಾಂಗರೂ ಆರೈಕೆಯನ್ನು ತಲುಪಿಸಬಹುದು? ಹೋಲಿಕೆಗೆ ಇನ್ನೊಂದು ಗುಂಪು ಇಲ್ಲ. ಸಾವು ಕಡಿಮೆಯಾಯಿತೇ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ, ಹಾಗಾಗಿ ನಿಮ್ಮ ಲೆಕ್ಕಕ್ಕೆ ಬಾರದು. ಚರ್ಚೆಯ ಅಧ್ಯಾಯದಲ್ಲಿ ಮಾತ್ರ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಸಿಸ್ಟರ್_ಶಾಂತವ್ವ · ಬುಧವಾರ ಮಧ್ಯಾಹ್ನ 3:20

ನಮ್ಮ ಜಿಲ್ಲಾದ್ದು ಬಿಟ್ಟುಹೋತು ಅಂತ ಬ್ಯಾಸರ ಆತ್ರಿ, ಆದ್ರ ನೀವು ಹೇಳಿದ್ದು ತಿಳೀತು. ಎದಿಗೆ ಹಾಕ್ಕೊಳ್ಳೂದ್ರ ಜೋಡಿ ಬರೀ ಎದಿಹಾಲು ಕುಡಸೂದೂ ಆದ್ರಷ್ಟ ಅಲ್ಲೆ ಲೆಕ್ಕಕ್ಕ ಹಿಡೀತಿದ್ರು. ಅದನ್ನೂ ಬರೀರಿ ಭಾಗ್ಯಾ.

ಭಾಗ್ಯ_ಎಂಎಸ್ಸಿ · ಬುಧವಾರ ರಾತ್ರಿ 9:00

ಖಂಡಿತ ಬರೆಯುತ್ತೇನೆ ಸಿಸ್ಟರ್. ಈಗ ದೊಡ್ಡ ಟ್ರಯಲ್ ಬಗ್ಗೆ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯದು, 2021ರಲ್ಲಿ ಬಂದದ್ದು. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆ, 3211 ಮಕ್ಕಳು. ಹುಟ್ಟಿದ ಕೂಡಲೇ ಕಾಂಗರೂ ಶುರುವಾದ ಗುಂಪಿನಲ್ಲಿ 28 ದಿನದೊಳಗೆ ಶೇ. 12.0 ಸಾವು, ಇನ್ನೊಂದರಲ್ಲಿ ಶೇ. 15.7. ಇದನ್ನು ಬೊಗೊಟಾ, ಮುಂಬಯಿ ಟ್ರಯಲ್‌ಗಳ ಜೊತೆ ಕೂಡಿಸಬಹುದೇ?

ಪ್ರಸಾದ್_ಉಡುಪಿ · ಬುಧವಾರ ರಾತ್ರಿ 9:40

ಕೂಡಿಸಲೇಬೇಕು. ಅಷ್ಟು ದೊಡ್ಡ ಟ್ರಯಲ್ ಬಿಟ್ಟು ರಿವ್ಯೂ ಬರೆದರೆ ಯಾರು ಒಪ್ಪುತ್ತಾರೆ? ಎರಡೂ ಕಡೆ ಕಾಂಗರೂ ಆರೈಕೆಯೇ, ಎರಡೂ ಕಡೆ ಸಾವೇ.

ಶ್ರೀಧರ_ಮೈಸೂರು · ಗುರುವಾರ ಬೆಳಿಗ್ಗೆ 6:40

ರಿವ್ಯೂನಲ್ಲಿ ಇರಲಿ, ಅದೇ ರಾಶಿಗೆ ಬೇಡ. ಆ ಟ್ರಯಲ್‌ನ ಎರಡನೇ ಗುಂಪಿನ ಮಕ್ಕಳಿಗೂ ಸ್ಥಿರವಾದ ಮೇಲೆ ಕಾಂಗರೂ ಆರೈಕೆ ಸಿಕ್ಕಿದೆ. ಅಂದರೆ ಅದು ಹೋಲಿಸಿದ್ದು ಬೇಗ ಶುರು ಮಾಡಿದ್ದನ್ನು ತಡವಾಗಿ ಶುರು ಮಾಡಿದ್ದರೊಡನೆ. ಬೊಗೊಟಾ, ಮುಂಬಯಿಯ ಪ್ರಶ್ನೆ ಮಾಡಿದ್ದಕ್ಕೂ ಮಾಡದ್ದಕ್ಕೂ ಏನು ವ್ಯತ್ಯಾಸ ಎಂಬುದು. 2023ರ ಸಿವಾನಂದನ್ ಮತ್ತು ಶಂಕರ್ ರಿವ್ಯೂ 31 ಟ್ರಯಲ್‌ಗಳನ್ನು ಹೀಗೆಯೇ ವಿಂಗಡಿಸಿತು: 27 ಒಂದು ರಾಶಿ, 4 ಇನ್ನೊಂದು ರಾಶಿ.

ನನಗೆ ಇನ್ನೂ ಪೂರ್ತಿ ಬಗೆಹರಿಯದ ಒಂದು ವಿಷಯವೂ ಇದರಲ್ಲಿದೆ. ಬೇಗ ಶುರು ಮಾಡಲು ತಾಯಿ ತೀವ್ರ ನಿಗಾ ಘಟಕದೊಳಗೇ ಇರಬೇಕಾಯಿತು. ಆ ಗುಂಪಿನಲ್ಲಿ ದಿನಕ್ಕೆ ಸರಾಸರಿ ಹದಿನೇಳು ಗಂಟೆಯ ಹತ್ತಿರ ಎದೆಗೆದೆ, ಇನ್ನೊಂದರಲ್ಲಿ ಒಂದೂವರೆ ಗಂಟೆ. ಉಳಿಸಿದ್ದು ಚರ್ಮದ ಸ್ಪರ್ಶವೋ, ತಾಯಿ ಇಪ್ಪತ್ನಾಲ್ಕು ಗಂಟೆ ಪಕ್ಕದಲ್ಲಿದ್ದದ್ದೋ?

ಸಿಸ್ಟರ್_ಶಾಂತವ್ವ · ಗುರುವಾರ ಬೆಳಿಗ್ಗೆ 9:25

ಕೂಸು ನೀಲಿ ಆಗೂದನ್ನ ಮೊದಲು ನೋಡಾಕಿ ತಾಯೀನs ರೀ ಸರ್. ಮಾನಿಟರ್ ಒದರೂಕಿಂತ ಮೊದಲ ಆಕಿ 'ಸಿಸ್ಟರ್' ಅಂತ ಕೂಗಿರ್ತಾಳ. ಹಾಲೂ ಹೊತ್ತಿಗೆ ಸರಿಯಾಗಿ ಬೀಳತೈತಿ. ಹತ್ತು ಮಂದಿ ಕೈ ಬದಲಾಗೂದಿಲ್ಲ. ಅದನ್ನ ಎದಿಗೆ ಹಾಕ್ಕೊಳ್ಳೂದ್ರಿಂದ ಹೆಂಗ ಬ್ಯಾರೆ ಮಾಡ್ತೀರಿ?

ಪ್ರಸಾದ್_ಉಡುಪಿ · ಗುರುವಾರ ಮಧ್ಯಾಹ್ನ 12:50

ಬೇರೆ ಮಾಡಲು ಆಗುವುದಿಲ್ಲ ಅಂದ ಮೇಲೆ ಅದೂ ಆರೈಕೆಯ ಭಾಗವೇ ತಾನೇ? ದೋಷ ಅಂತ ಯಾಕೆ ಬರೆಯಬೇಕು? ಉಗಾಂಡಾದ 2024ರ ಟ್ರಯಲ್ ನೋಡಿ ಸರ್. ಅಲ್ಲೂ ಸ್ಥಿರವಾಗುವ ಮೊದಲೇ ಶುರು ಮಾಡಿದರು. ಏಳು ದಿನದೊಳಗಿನ ಸಾವು ಎರಡೂ ಗುಂಪಿನಲ್ಲಿ ಶೇ. 7.5. ಎರಡನ್ನೂ ಕೂಡಿಸಿದರೆ ಸರಾಸರಿ ಸಿಗುತ್ತದೆ.

ಶ್ರೀಧರ_ಮೈಸೂರು · ಗುರುವಾರ ಸಂಜೆ 7:00

ಆರೈಕೆಯ ಭಾಗ ಅನ್ನುವುದನ್ನು ಒಪ್ಪುತ್ತೇನೆ, ರಾಬ್-2ರಲ್ಲಿ ಅದಕ್ಕಾಗಿ ತೀರ್ಪು ಇಳಿಸಬೇಕಿಲ್ಲ. ಆದರೆ 'ಏನನ್ನು ಹೋಲಿಸಿದರು' ಎಂಬ ಅಂಕಣದಲ್ಲಿ 'ತಾಯಿ ಘಟಕದೊಳಗೆ ಇದ್ದಳೇ' ಅಂತ ಬರೆಯಲೇಬೇಕು. ಕೂಡಿಸುವ ಮಾತಿಗೆ ಬಂದರೆ, ಒಂದು 28 ದಿನದ ಸಾವು, ಇನ್ನೊಂದು 7 ದಿನದ್ದು. ಮಕ್ಕಳ ತೂಕದ ಮಿತಿಯೂ ಬೇರೆ: ಐದು ದೇಶಗಳ ಟ್ರಯಲ್‌ನಲ್ಲಿ 1000ದಿಂದ 1799 ಗ್ರಾಂ, ಉಗಾಂಡಾದಲ್ಲಿ 2000 ಗ್ರಾಂವರೆಗೆ. ನಾನಾದರೆ ಎರಡನ್ನೂ ಒಂದೇ ಚಿತ್ರದಲ್ಲಿ ಪಕ್ಕಪಕ್ಕ ಇಟ್ಟು, ಕೆಳಗೆ ಒಟ್ಟು ಉತ್ತರದ ವಜ್ರಾಕೃತಿ ಹಾಕುವುದಿಲ್ಲ.

ವಿನುತಾ_ಲೀಡ್ಸ್ · ಗುರುವಾರ ರಾತ್ರಿ 10:20

ಇದರಲ್ಲಿ ನಾನು ಪ್ರಸಾದ್ ಅವರ ಕಡೆ. ಕೂಡಿಸಿ, ವ್ಯತ್ಯಾಸ ಎಷ್ಟಿದೆ ಅಂತಲೂ ತೋರಿಸಿ. ಕೂಡಿಸದೆ ಬಿಟ್ಟರೆ ಓದುವವರು ಕಣ್ಣಳತೆಯಲ್ಲೇ ಕೂಡಿಸಿಕೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಯಾವುದೇ ಆಗಲಿ, ಭಾಗ್ಯ, ರಿವ್ಯೂ ಯೋಜನೆಯನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೋದಲ್ಲಿ ನೋಂದಾಯಿಸಿದ್ದೀರಾ? ಜರಡಿ ಮುಗಿದ ಮೇಲೆ ಮಾನದಂಡ ಬದಲಿಸುತ್ತಿದ್ದೀರಿ. ಏನನ್ನು, ಯಾವ ದಿನ, ಯಾಕೆ ಬದಲಿಸಿದಿರಿ ಅಂತ ಅಲ್ಲಿಯೂ ಥೀಸಿಸ್‌ನಲ್ಲಿಯೂ ಬರೆಯಿರಿ.

ಭಾಗ್ಯ_ಎಂಎಸ್ಸಿ · ಮುಂದಿನ ವಾರ, ಬುಧವಾರ ರಾತ್ರಿ 8:30

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ನೋಂದಣಿಯಲ್ಲಿ ತಿದ್ದುಪಡಿ ಹಾಕಿದೆ, ದಿನಾಂಕ ಸಮೇತ. ಈಗ ಟ್ರಯಲ್‌ಗಳು ಮಾತ್ರ, ಎರಡು ರಾಶಿ. ಪ್ರತಿಯೊಂದಕ್ಕೂ ಸೇರಿಸಿಕೊಂಡ ದಿನ, ಉದ್ದೇಶಿಸಿದ ಗಂಟೆ, ಆದ ಗಂಟೆ, ಗಂಟೆ ಬರೆದವರು ಯಾರು ಎಂಬ ನಾಲ್ಕು ಅಂಕಣ. ಕೊನೆಯದು ಕಾವ್ಯ ಅಕ್ಕನಿಂದ ಬಂದದ್ದು. ಗೈಡ್ ಹೆಪಾರಿನ್ ಲೇಖನ ಓದಿ ರಾಬ್-2ಕ್ಕೆ ಒಪ್ಪಿದರು, ಆದರೂ ಜಡಾಡ್ ಅಂಕ ಅನುಬಂಧದಲ್ಲಿ ಇರಲಿ ಅಂದರು. ಇರಲಿ ಬಿಡಿ ಅಂತ ಹಾಕಿದ್ದೇನೆ, ಅದರ ಮೇಲೆ ಯಾವುದನ್ನೂ ಬಿಟ್ಟಿಲ್ಲ.

ಉಗಾಂಡಾ ವಿಷಯ ಇನ್ನೂ ತೀರ್ಮಾನಿಸಿಲ್ಲ.

ನಾನೂ ನನ್ನ ಗೆಳತಿಯೂ ಬೇರೆ ಬೇರೆ ಕೂತು ಅಳೆದೆವು. ಒಂದು ಟ್ರಯಲ್‌ನಲ್ಲಿ ಒಮ್ಮತ ಬರಲಿಲ್ಲ. 'ಮುಚ್ಚಿದ ಲಕೋಟೆ' ಅಂತ ಮಾತ್ರ ಇದೆ, ಕ್ರಮಸಂಖ್ಯೆ, ದಪ್ಪ ಏನೂ ಬರೆದಿಲ್ಲ. ಕಾಂಗರೂ ಗುಂಪಿನ ಸರಾಸರಿ ತೂಕ 90 ಗ್ರಾಂ ಹೆಚ್ಚಿದೆ. ಅವಳು 'ಹೆಚ್ಚು ಅಪಾಯ' ಅನ್ನುತ್ತಾಳೆ, ನಾನು 'ಸ್ವಲ್ಪ ಸಂಶಯ' ಅನ್ನುತ್ತೇನೆ. ಲೇಖಕರಿಗೆ ಇಮೇಲ್ ಹಾಕಿ ಐದು ದಿನವಾಯಿತು, ಉತ್ತರ ಇಲ್ಲ.

ಶ್ರೀಧರ_ಮೈಸೂರು · ಬುಧವಾರ ರಾತ್ರಿ 9:45

ಇನ್ನೊಂದು ಹತ್ತು ದಿನ ಕಾಯಿರಿ, ಎರಡನೇ ಇಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಲಕೋಟೆ ಯಾರ ಕೈಯಲ್ಲಿತ್ತು? ಬರೆಯದೇ ಇದ್ದದ್ದಕ್ಕಷ್ಟೇ ಆದರೆ ನಿಮ್ಮ ತೀರ್ಪು ಸಾಕು. ಆದರೆ 90 ಗ್ರಾಂ ನನ್ನನ್ನು ಕಾಡುತ್ತಿದೆ. ಆ ಟ್ರಯಲ್‌ನಲ್ಲಿ ಒಟ್ಟು ಮಕ್ಕಳು ಎಷ್ಟು? ನಲವತ್ತು ಇದ್ದರೆ ಆಕಸ್ಮಿಕ ಇರಬಹುದು, ನಾನೂರು ಇದ್ದರೆ ನಿಮ್ಮ ಗೆಳತಿ ಹೇಳಿದ್ದೇ ಸರಿ.

ಭಾಗ್ಯ_ಎಂಎಸ್ಸಿ · ಬುಧವಾರ ರಾತ್ರಿ 9:58

ನೂರ ಇಪ್ಪತ್ತು ಸರ್.